ಹಾರ್ಲಿಕ್ಸ್ ಕೊಂಡವರ ಲೆಕ್ಕ

ಹಾರ್ಲಿಕ್ಸ್ ಮತ್ತು ಬೂಸ್ಟ್ ಡಬ್ಬಿಗಳು ಇಲ್ಲದ ಮನೆ ಅಪರೂಪ. ಅವನ್ನು ನಮ್ಮ ದೇಶದಲ್ಲಿ ತಯಾರಿಸಿ ಮಾರುತ್ತಿದ್ದ ಗ್ಲ್ಯಾಕ್ಸೋ ಸ್ಮಿತ್‌ಕ್ಲೈನ್ ಕನ್ಸ್ಯೂಮರ್ ಹೆಲ್ತ್‌ಕೇರ್ ಎಂಬ ಕಂಪನಿ 2020ರ ಏಪ್ರಿಲ್ 1ರಂದು ಹಿಂದೂಸ್ತಾನ್ ಯೂನಿಲಿವರ್ ಕಂಪನಿಯಲ್ಲಿ ವಿಲೀನವಾಯಿತು. ಹಳೆಯ ಕಂಪನಿಯ ಒಂದು ಷೇರು ಇದ್ದವರಿಗೆ ಯೂನಿಲಿವರಿನ 4.39 ಷೇರು ಎಂಬುದು ಒಪ್ಪಂದ. 2018ರ ಡಿಸೆಂಬರಿನಲ್ಲಿ ಈ ಒಪ್ಪಂದವನ್ನು ಪ್ರಕಟಿಸಿದಾಗ ವ್ಯವಹಾರದ ಬೆಲೆ ಸುಮಾರು 31,700 ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದವು. ವಿಲೀನ ಜಾರಿಗೆ ಬಂದ ದಿನ ಲೆಕ್ಕಪುಸ್ತಕದಲ್ಲಿ ಬರೆದ ಮೊತ್ತವಾದರೋ ಸುಮಾರು 40,242 ಕೋಟಿ!

ನಡುವೆ ಯಾರೂ ಹೆಚ್ಚು ಷೇರು ಕೇಳಲಿಲ್ಲ, ಯಾರೂ ಕೊಡಲೂ ಇಲ್ಲ. ಹೊಸದಾಗಿ ಕೊಟ್ಟ ಷೇರುಗಳು ಸುಮಾರು 18.46 ಕೋಟಿ, ಅಷ್ಟೇ. ಬದಲಾದದ್ದು ಷೇರಿನ ಪೇಟೆ ಬೆಲೆ. ವಿಲೀನದ ದಿನ ಅದು 2,179 ರೂಪಾಯಿಯ ಆಸುಪಾಸಿನಲ್ಲಿತ್ತು. ಅದೇ ಷೇರಿನ ಮುಖಬೆಲೆ ಕೇವಲ 1 ರೂಪಾಯಿ. ಮುಖಬೆಲೆಯಲ್ಲಿ ಗುಣಿಸಿದ್ದರೆ ಹಾರ್ಲಿಕ್ಸ್ ಕಂಪನಿ ಹದಿನೆಂಟೂವರೆ ಕೋಟಿಗೆ ಸಿಕ್ಕಿತೆಂದು ಬರೆಯಬೇಕಾಗುತ್ತಿತ್ತು. ಕೊಳ್ಳುವ ಕಂಪನಿ ಹೀಗೆ ಕೊಡುವ ಬೆಲೆಗೇ ಖರೀದಿ ಪ್ರತಿಫಲ ಎಂದು ಹೆಸರು. ಕೈಗೆ ಬಂದ ಆಸ್ತಿಯಲ್ಲಿ ಹೊಣೆಯನ್ನು ಕಳೆದ ನಿವ್ವಳ ಮೌಲ್ಯಕ್ಕಿಂತ ಆ ಬೆಲೆ ಎಷ್ಟು ಹೆಚ್ಚೋ ಅಷ್ಟು ಗುಡ್‌ವಿಲ್, ಅಂದರೆ ಕೀರ್ತಿಮೌಲ್ಯ. ಈ ವಿಲೀನದಲ್ಲಿ ಅದು 17 ಸಾವಿರ ಕೋಟಿಗೂ ಮೀರಿತು.

ಇಷ್ಟು ದೊಡ್ಡ ಅಂಕಿಗಳಲ್ಲಿ ತಲೆ ತಿರುಗುವುದು ಸಹಜ. ಬಿ.ಕಾಂ. ವಿದ್ಯಾರ್ಥಿಯ ನೋಟ್‌ಬುಕ್ಕಿಗೆ ಹೊಂದುವ ಸಣ್ಣ ಲೆಕ್ಕವೊಂದನ್ನು ಕಟ್ಟಿಕೊಳ್ಳೋಣ.

ಒಂದು ಸಣ್ಣ ಕಂಪನಿ ಇದೆ. ಅದರ ಷೇರುಗಳು 1 ಲಕ್ಷ, ತಲಾ 10 ರೂಪಾಯಿಯವು; ಅಲ್ಲಿಗೆ ಬಂಡವಾಳ 10 ಲಕ್ಷ. ಮೀಸಲು ನಿಧಿ 6 ಲಕ್ಷ, ಡಿಬೆಂಚರು ಸಾಲ 4 ಲಕ್ಷ, ವ್ಯಾಪಾರದ ಸಾಲಗಾರರಿಗೆ ಕೊಡಬೇಕಾದದ್ದು 5 ಲಕ್ಷ. ಎದುರಿಗೆ ಒಟ್ಟು ಆಸ್ತಿ 25 ಲಕ್ಷ. ದೊಡ್ಡ ಕಂಪನಿಯೊಂದು ಇದನ್ನು ಕೊಳ್ಳುತ್ತದೆ. ಷರತ್ತು ಹೀಗಿದೆ: ಸಣ್ಣ ಕಂಪನಿಯ ಪ್ರತಿ 5 ಷೇರಿಗೆ ದೊಡ್ಡ ಕಂಪನಿಯ 4 ಷೇರು, ಜತೆಗೆ ಪ್ರತಿ ಷೇರಿಗೆ 3 ರೂಪಾಯಿ ನಗದು. ಡಿಬೆಂಚರುದಾರರಿಗೆ ಅಷ್ಟೇ ಮೊತ್ತದ, ಅಂದರೆ 4 ಲಕ್ಷದ, ದೊಡ್ಡ ಕಂಪನಿಯ ಹೊಸ ಡಿಬೆಂಚರು. ದೊಡ್ಡ ಕಂಪನಿಯ ಷೇರಿನ ಮುಖಬೆಲೆ 10, ಪೇಟೆ ಬೆಲೆ 20 ರೂಪಾಯಿ.

ಇಲ್ಲಿ ನಗದನ್ನು ಕೊಟ್ಟದ್ದನ್ನು ಗಮನಿಸಬೇಕು. ನಮ್ಮ ದೇಶದ ಲೆಕ್ಕಪತ್ರ ಮಾನಕ 14ರ ಪ್ರಕಾರ, ಷೇರಿನ ಚಿಲ್ಲರೆ ಭಾಗಕ್ಕಲ್ಲದೆ ಬೇರಾವುದಕ್ಕೂ ಈಕ್ವಿಟಿ ಷೇರುದಾರರಿಗೆ ನಗದು ಕೊಡಬಾರದೆಂಬುದು ‘ಎರಡೂ ಕಂಪನಿ ಒಂದಾದವು’ ಎನ್ನಲು ಇರುವ ಐದು ಷರತ್ತುಗಳಲ್ಲಿ ಒಂದು. ಒಂದು ಷರತ್ತು ತಪ್ಪಿದರೂ ಅದು ಕೂಡಿಕೆಯಲ್ಲ, ಖರೀದಿ. ಆದ್ದರಿಂದ ಇಲ್ಲಿ ಖರೀದಿ ವಿಧಾನವೇ ಬರಬೇಕು. ಸಣ್ಣ ಕಂಪನಿಯ 6 ಲಕ್ಷದ ಮೀಸಲು ನಿಧಿ ಹಾಗೆಯೇ ಹೊಸ ಮನೆಗೆ ಬರುವುದಿಲ್ಲ. ಅಂಗಡಿಯನ್ನು ಕೊಂಡವನು ಹಿಂದಿನ ಮಾಲೀಕ ಉಳಿಸಿದ ಲಾಭವನ್ನು ತನ್ನ ಲಾಭವೆಂದು ಬರೆದುಕೊಳ್ಳಲಾಗದು ತಾನೆ?

ಈಗ ಪ್ರತಿಫಲ. ಒಂದು ಲಕ್ಷ ಷೇರಿಗೆ 80,000 ಹೊಸ ಷೇರು; 20 ರೂಪಾಯಿಯಂತೆ 16 ಲಕ್ಷ. ನಗದು 3 ಲಕ್ಷ. ಒಟ್ಟು 19 ಲಕ್ಷ. ಡಿಬೆಂಚರುದಾರರ 4 ಲಕ್ಷವನ್ನು ಇದಕ್ಕೆ ಸೇರಿಸಬಾರದು. ಷೇರುದಾರರಿಗೆ ಸಲ್ಲುವುದು ಮಾತ್ರ ಪ್ರತಿಫಲ ಎಂದು ಮಾನಕ ಸ್ಪಷ್ಟವಾಗಿ ಹೇಳುತ್ತದೆ. ಡಿಬೆಂಚರು ಒಂದು ಹೊಣೆ. ಅದು ಹೊಣೆಯ ಸಾಲಿನಲ್ಲಿ ಬರುತ್ತದೆ.

ಆಸ್ತಿಯನ್ನು ಸಣ್ಣ ಕಂಪನಿಯ ಪುಸ್ತಕದ ಬೆಲೆಗೇ ತೆಗೆದುಕೊಳ್ಳಬೇಕೆಂದಿಲ್ಲ. ವಿಲೀನದ ದಿನದ ನ್ಯಾಯವಾದ ಬೆಲೆಗೆ ತೆಗೆದುಕೊಳ್ಳಬಹುದು. ಪುಸ್ತಕದಲ್ಲಿ 8 ಲಕ್ಷವಿದ್ದ ಜಮೀನು-ಕಟ್ಟಡ ಇಂದು 11 ಲಕ್ಷ ಬಾಳುತ್ತದೆ. 7 ಲಕ್ಷದ ಯಂತ್ರ 6ಕ್ಕೆ, 6 ಲಕ್ಷದ ಸರಕು 5ಕ್ಕೆ ಇಳಿದಿದೆ. ಗಿರಾಕಿಗಳಿಂದ ಬರಬೇಕಾದ 3 ಲಕ್ಷ, ಬ್ಯಾಂಕಿನ 1 ಲಕ್ಷ ಹಾಗೆಯೇ ಇವೆ. ಒಟ್ಟು 26 ಲಕ್ಷ. ಹೊಣೆ 9 ಲಕ್ಷ ಕಳೆದರೆ ನಿವ್ವಳ 17. ಕೊಟ್ಟದ್ದು 19, ಬಂದದ್ದು 17. ಕೀರ್ತಿಮೌಲ್ಯ 2 ಲಕ್ಷ.

ಇಷ್ಟಾದ ಮೇಲೆ ದೊಡ್ಡ ಕಂಪನಿಯ ರೋಜು ಪುಸ್ತಕದಲ್ಲಿ ಮೂರು ನಮೂದುಗಳು. ಮೊದಲು ವ್ಯವಹಾರ ಖರೀದಿ ಖಾತೆಗೆ 19 ಲಕ್ಷ ಖರ್ಚು, ಸಣ್ಣ ಕಂಪನಿಯ ಲಿಕ್ವಿಡೇಟರ್ ಖಾತೆಗೆ ಜಮಾ. ಎರಡನೆಯದರಲ್ಲಿ ಆಸ್ತಿ 26 ಮತ್ತು ಕೀರ್ತಿಮೌಲ್ಯ 2 ಖರ್ಚು. ಡಿಬೆಂಚರು 4, ಸಾಲಗಾರರು 5, ಖರೀದಿ ಖಾತೆ 19 ಜಮಾ. ಎರಡೂ ಬದಿ 28. ಮೂರನೆಯದು ಲಿಕ್ವಿಡೇಟರ್ ಖಾತೆಯನ್ನು ತೀರಿಸುವುದು: ಷೇರು ಬಂಡವಾಳಕ್ಕೆ 8, ಷೇರು ಪ್ರೀಮಿಯಮ್ಮಿಗೆ 8, ನಗದಿಗೆ 3. ಡಿಬೆಂಚರುದಾರರಿಗೆ ಹೊಸ ಪತ್ರ ಕೊಟ್ಟು ಹಳೆಯದನ್ನು ತೀರಿಸುವುದು ಇದಾದ ಮೇಲಿನ ಪ್ರತ್ಯೇಕ ನಮೂದು.

ಪರೀಕ್ಷೆಯಲ್ಲಿ ಹುಡುಗರು ಮೋಸ ಹೋಗುವುದು ಎರಡನೆಯ ನಮೂದಿನಲ್ಲಿ. ಡಿಬೆಂಚರಿನ 4 ಲಕ್ಷವನ್ನೂ ಸೇರಿಸಿ ಪ್ರತಿಫಲ 23 ಎಂದು ಬರೆದರೆ ಕೀರ್ತಿಮೌಲ್ಯ 6 ಲಕ್ಷವಾಗುತ್ತದೆ. 26ಕ್ಕೆ 6 ಸೇರಿ 32. ಆಚೆ ಬದಿ 4, 5, 23 ಸೇರಿ ಅದೂ 32. ಲೆಕ್ಕ ತಾಳೆಯಾಯಿತೆಂದು ಹುಡುಗ ಖುಷಿಯಿಂದ ಕೆಳಗೆ ಎರಡು ಗೆರೆ ಎಳೆಯುತ್ತಾನೆ. ಮುಖಬೆಲೆಯಲ್ಲಿ ಗುಣಿಸಿದವನಿಗೆ ಪ್ರತಿಫಲ 11 ಬರುತ್ತದೆ. ಅವನ ಪುಸ್ತಕದಲ್ಲಿ ಕೀರ್ತಿಮೌಲ್ಯವೇ ಇಲ್ಲ, ಬದಲಿಗೆ 6 ಲಕ್ಷದ ಬಂಡವಾಳ ಮೀಸಲು ಹುಟ್ಟಿಕೊಳ್ಳುತ್ತದೆ. ಅವನದೂ ತಾಳೆಯಾಗುತ್ತದೆ! ಕೀರ್ತಿಮೌಲ್ಯವನ್ನು ಯಾರೂ ತೂಗಿ ನೋಡಿ ಬರೆಯುವುದಿಲ್ಲ, ಅದು ಉಳಿಕೆಯ ಅಂಕಿ. ಹಿಂದೆ ಮಾಡಿದ ತಪ್ಪೆಲ್ಲ ಸದ್ದಿಲ್ಲದೆ ಅದರೊಳಗೆ ಸೇರಿಕೊಳ್ಳುತ್ತದೆ. ಆದ್ದರಿಂದ ತಾಳೆಯಾದದ್ದು ಸರಿಯಾದದ್ದಕ್ಕೆ ಸಾಕ್ಷಿಯಲ್ಲ.

ತಪ್ಪನ್ನು ಹಿಡಿಯುವ ದಾರಿ ಇದೆ. ಮೊದಲನೆಯ ತಪ್ಪಿನಲ್ಲಿ ಲಿಕ್ವಿಡೇಟರಿನ 23 ಲಕ್ಷವನ್ನು ತೀರಿಸಲು 4 ಲಕ್ಷದ ಡಿಬೆಂಚರು ಕೊಡಬೇಕು. ಎರಡನೆಯ ನಮೂದಿನಲ್ಲಿ ವಹಿಸಿಕೊಂಡ 4 ಲಕ್ಷವೂ ಪುಸ್ತಕದಲ್ಲಿ ಉಳಿದಿರುತ್ತದೆ. ಆಸ್ತಿ-ಹೊಣೆ ಪಟ್ಟಿಯಲ್ಲಿ ಈ ಬಾಬಿನ ಡಿಬೆಂಚರು 8 ಲಕ್ಷ ಕಂಡರೆ ಒಂದೇ ಸಾಲವನ್ನು ಎರಡು ಸಲ ಬರೆದಿದೆ ಎಂದು ತಿಳಿಯಬೇಕು. ಎರಡನೆಯ ತಪ್ಪಿಗೆ ಷೇರು ಪ್ರೀಮಿಯಮ್ಮಿನ ಸಾಲನ್ನು ನೋಡಿದರೆ ಸಾಕು. ಪೇಟೆ ಬೆಲೆ ಮುಖಬೆಲೆಗಿಂತ ಹೆಚ್ಚಿದ್ದೂ ಅಲ್ಲಿ ಸೊನ್ನೆ ಇದ್ದರೆ ಪ್ರತಿಫಲವನ್ನೇ ಮತ್ತೆ ಲೆಕ್ಕ ಹಾಕಬೇಕು.

ಇನ್ನು ಆ 2 ಲಕ್ಷವನ್ನು ಏನು ಮಾಡುವುದು? ಮಾನಕ 14ರಂತೆ ನಡೆಯುವ ಕಂಪನಿ ಅದನ್ನು ಸಾಮಾನ್ಯವಾಗಿ 5 ವರ್ಷದೊಳಗೆ ಲಾಭದಿಂದ ಕಡಿದುಹಾಕುತ್ತದೆ. ವರ್ಷಕ್ಕೆ 40 ಸಾವಿರದಂತೆ. ಷೇರುಪೇಟೆಯ ಪಟ್ಟಿಯಲ್ಲಿರುವ ಯೂನಿಲಿವರಿನಂಥ ಕಂಪನಿಗಳಿಗೆ ಈಗ ಇಂಡ್ ಎಎಸ್ 103 ಎಂಬ ಬೇರೆ ಮಾನಕವಿದೆ. ಉಳಿಕೆಯ ಲೆಕ್ಕ ಅಲ್ಲಿಯೂ ಇದೇ ಬಗೆಯದು, ಆದರೆ ವರ್ಷವರ್ಷ ಕಡಿಯುವ ಕ್ರಮವಿಲ್ಲ. ಕೊಂಡ ವ್ಯವಹಾರ ಅಷ್ಟು ಬೆಲೆ ಬಾಳುತ್ತಿದೆಯೇ ಎಂದು ಪ್ರತಿ ವರ್ಷ ಪರೀಕ್ಷಿಸಿ, ಬಾಳದಿದ್ದರೆ ಮಾತ್ರ ಇಳಿಸುತ್ತಾರೆ. ಹಾರ್ಲಿಕ್ಸಿನ ವಿಲೀನದಿಂದ ಬಂದ 17 ಸಾವಿರ ಕೋಟಿಗೆ ಅನ್ವಯಿಸುವುದೂ ಈ ಪರೀಕ್ಷೆಯೇ.