ಮಿಂಚಂಚೆಯ ‘ಆಗಬೇಕು’

ಬಸವ ಜಯಂತಿಯ ಸಿದ್ಧತೆಗಾಗಿ ನಾವು ಸಮಿತಿಯ ಸದಸ್ಯರಿಗೆ ಒಂದು ಮಿಂಚಂಚೆ ಬರೆದೆವು. ಹಿಂದಿನ ವರ್ಷದ ನೆನಪು, ಮಳೆಯ ಆತಂಕ, ದಾನಿಗಳ ಸ್ಮರಣೆ ಎಲ್ಲವೂ ಸೇರಿ ಅದು ಎರಡು ಪುಟವಾಯಿತು. ನಡುವೆಲ್ಲೋ, “ಸಭಾಭವನದ ಮುಂಗಡ ಸಲ್ಲಿಕೆಯಾಗಬೇಕು, ದಾಸೋಹದ ಸಾಮಗ್ರಿಪಟ್ಟಿ ಸಿದ್ಧವಾಗಬೇಕು” ಎಂದಿತ್ತು. ಎಲ್ಲರೂ ಓದಿದರು, ಯಾರೂ ಮಾಡಲಿಲ್ಲ.

ದೋಷವು ಪತ್ರದ ಉದ್ದದಲ್ಲಿ ಮಾತ್ರವಿರಲಿಲ್ಲ. ‘ಆಗಬೇಕು’ ಎಂಬ ಮಾತಿನಲ್ಲಿ ಮಾಡುವವರೇ ಇರಲಿಲ್ಲ!

ಆದುದರಿಂದ ಸಂಕ್ಷೇಪಿಸುವಾಗ ಮೊದಲು ‘ಬೇಕು’ ಎಂದು ಮುಗಿಯುವ ವಾಕ್ಯಗಳಿಗೆ ಗೆರೆಯೆಳೆಯೋಣ. ಪ್ರತಿಯೊಂದಕ್ಕೂ ಯಾರು, ಏನು, ಯಾವಾಗ ಎಂಬ ಉತ್ತರವನ್ನು ಬರೆಯೋಣ. ಉತ್ತರ ಇಲ್ಲದಿದ್ದರೆ ಊಹಿಸದೆ, ಸಂಬಂಧಪಟ್ಟವರನ್ನು ಕೇಳಿ ಒಪ್ಪಿಗೆ ಪಡೆಯೋಣ. ನಮ್ಮ ಪತ್ರವು ಕೊನೆಗೆ ಹೀಗಾಯಿತು:

ವಿಷಯ: ಬಸವ ಜಯಂತಿ – ಏಪ್ರಿಲ್ 10ರೊಳಗೆ ಎರಡು ಕೆಲಸ

1. ಕಾರ್ಯದರ್ಶಿಗಳು ಏಪ್ರಿಲ್ 5ರೊಳಗೆ ಸಭಾಭವನದ ಮುಂಗಡ ಕಟ್ಟುವುದು.

2. ಅಕ್ಕನ ಬಳಗದ ಅಧ್ಯಕ್ಷೆಯವರು ಏಪ್ರಿಲ್ 10ರೊಳಗೆ 300 ಜನರ ದಾಸೋಹದ ಸಾಮಗ್ರಿಪಟ್ಟಿ ಕಳುಹಿಸುವುದು.

ಭವನ ದೊರೆಯದಿದ್ದರೆ ಅಂದೇ ಎಲ್ಲರಿಗೂ ತಿಳಿಸುವುದು ಕಾರ್ಯದರ್ಶಿಗಳ ಹೊಣೆ.

ಈ ಕೊನೆಯ ಸಾಲನ್ನೂ ತೆಗೆಯುವ ಮನಸ್ಸಾಗಿತ್ತು. ಆದರೆ ‘ದೊರೆಯದಿದ್ದರೆ’ ಎಂಬುದನ್ನು ಬಿಟ್ಟರೆ, ಸ್ಥಳ ನಿಶ್ಚಯವಾಗಿದೆಯೆಂದೇ ಓದುಗರು ತಿಳಿಯುವರು. ನೆನಪುಗಳನ್ನು ಕೈಬಿಡಬಹುದು, ಷರತ್ತನ್ನು ಬಿಡಲಾಗದು. ದಾನಿಗಳಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಬೇರೊಂದು ಪತ್ರದಲ್ಲಿ ಅವರಿಗೇ ಬರೆದೆವು.

ಕಳುಹಿಸುವ ಮುನ್ನ, ವಿಷಯವರಿಯದ ಮನೆಯವರೊಬ್ಬರಿಗೆ ಓದಿ ತೋರಿಸಿದೆವು. “ಯಾರು ಏನು ಮಾಡಬೇಕು?” ಎಂದು ಕೇಳಿದಾಗ ಅವರು ತಡವರಿಸದೆ ಹೇಳಿದರು. ಅನಂತರವೇ ಪತ್ರವನ್ನು ಕಳುಹಿಸಿದೆವು.