‘ಎಂದು’ ಇಂಗ್ಲಿಷಿನ ‘ದಟ್’ ಅಲ್ಲ

ವರ್ಷಕ್ಕೆ ಎರಡು ಸಲ ಉತ್ತರಪತ್ರಿಕೆ ತಿದ್ದುವ ನನಗೆ ಈ ಸಲ ಸಿಕ್ಕ ಪ್ರಶ್ನೆ ಇದು. ‘“ನನಗೆ ಜ್ವರ ಇದೆ, ನಾಳೆ ನಿಮ್ಮ ಮನೆಗೆ ಬರಲಾರೆ” ಎಂದು ಸೀತೆ ನನಗೆ ಹೇಳಿದಳು. ಇದನ್ನು ಪರೋಕ್ಷ ಮಾತಾಗಿಸಿ.’ ಹೆಚ್ಚಿನವರು ಬರೆದ ಉತ್ತರ: ‘ಅವಳಿಗೆ ಜ್ವರ ಇತ್ತೆಂದೂ ಅವಳು ಮರುದಿನ ಅವರ ಮನೆಗೆ ಬರಲಾರಳೆಂದೂ ಸೀತೆ ನನಗೆ ಹೇಳಿದಳು.’

ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಕನ್ನಡದ ಪದಗಳೇ. ಆದರೆ ಓದಿ ನೋಡಿ, ಈ ವಾಕ್ಯದಲ್ಲಿ ಸೀತೆಗೆ ಜ್ವರವೇ ಇಲ್ಲ! ಜ್ವರ ಬಂದಿರುವುದು ಬೇರೆ ಯಾರಿಗೋ, ಅದೂ ಬಂದು ಹೋಗಿದೆ. ಆಕೆ ಬರಲಾರದ ಮನೆಯೂ ಮೂರನೆಯವರದು. ತಪ್ಪು ಮಕ್ಕಳದಲ್ಲ. ಇಂಗ್ಲಿಷ್ ವ್ಯಾಕರಣದ ಪಟ್ಟಿಯನ್ನು ಕನ್ನಡಕ್ಕೆ ಹೊಲಿದುಕೊಟ್ಟ ನಮ್ಮದು.

‘ಎಂದು’ ಎಲ್ಲಿಂದ ಬಂತು ಎಂದು ನೋಡೋಣ. ಅದು ‘ಎನ್’ ಎಂಬ ಧಾತುವಿನ ರೂಪ. ಅದರ ಅರ್ಥ ‘ಹೇಳಿ’. ಆಡುಮಾತಿನ ‘ಅಂತ’ವೂ ಇದೇ ಕುಟುಂಬದ್ದು. ‘ಬರುತ್ತೇನೆ ಎಂದು ಹೇಳಿದಳು’ ಎಂದರೆ ‘ಬರುತ್ತೇನೆ’ ಎಂಬ ಮಾತನ್ನಾಡಿ ತಿಳಿಸಿದಳು ಎಂದರ್ಥ. ಹಾಗಾಗಿ ‘ಎಂದು’ವಿನ ಹಿಂದೆ ನಿಲ್ಲುವುದು ಆಡಿದವರ ಬಾಯಿಯ ಮಾತು. ಇಂಗ್ಲಿಷಿನ ‘ದಟ್’ ಬಂದ ಕೂಡಲೇ ಮಾತು ವರದಿ ಮಾಡುವವನದಾಗುತ್ತದೆ. ನಮ್ಮ ‘ಎಂದು’ ಅಷ್ಟು ಬೇಗ ಬಾಯಿ ಬದಲಿಸುವುದಿಲ್ಲ.

ಇದರಿಂದ ಮೊದಲನೆಯ ತಪ್ಪು ಸ್ಪಷ್ಟವಾಗುತ್ತದೆ. ಇಂಗ್ಲಿಷಿನಲ್ಲಿ ‘ಹೇಳಿದಳು’ ಭೂತಕಾಲವಾದರೆ ಒಳಗಿನ ಕ್ರಿಯಾಪದವೂ ಹಿಂದಕ್ಕೆ ಸರಿಯುವುದುಂಟು. ಕನ್ನಡದಲ್ಲಿ ಹಾಗಿಲ್ಲ. ‘ಜ್ವರ ಇದೆ ಎಂದಳು’ ಎಂದರೆ ಹೇಳುವಾಗ ಜ್ವರವಿತ್ತು. ‘ಜ್ವರ ಇತ್ತು ಎಂದಳು’ ಎಂದರೆ ಹೇಳುವ ಹೊತ್ತಿಗೆ ಅದು ಹಿಂದಿನ ಸಂಗತಿ. ಕಾಲ ಬದಲಿಸಿದವರು ವಾಕ್ಯವನ್ನು ಪರಿವರ್ತಿಸಿಲ್ಲ, ಸುದ್ದಿಯನ್ನೇ ಬದಲಿಸಿದ್ದಾರೆ. ಅನುವಾದಿತ ಕಾದಂಬರಿ ಓದುವಾಗ ‘ತನಗೆ ಹಸಿವಾಗಿತ್ತು ಎಂದನು’ ಎಂಬಂಥ ಸಾಲು ಕಂಡರೆ, ಮೂಲದ ವ್ಯಕ್ತಿ ಇನ್ನೂ ಹಸಿದೇ ಕೂತಿದ್ದಾನೋ ಏನೋ ಎಂದು ನನಗೆ ಅನುಮಾನ.

ಎರಡನೆಯ ತಪ್ಪು ಸರ್ವನಾಮದ್ದು. ‘ನಾನು’ವನ್ನು ‘ಅವಳು’ ಮಾಡು ಎಂದು ಹೇಳಿಕೊಡುತ್ತೇವೆ. ಆದರೆ ‘ಅವಳು’ ಎಂದ ಕೂಡಲೇ ಓದುಗ ಮತ್ತೊಬ್ಬಳನ್ನು ಹುಡುಕುತ್ತಾನೆ. ಆಡಿದವರನ್ನೇ ಸೂಚಿಸಲು ನಮ್ಮಲ್ಲಿ ‘ತಾನು’ ಇದೆ. ಜೊತೆಗೆ ‘ನಿಮ್ಮ’ ಎಂದದ್ದು ನನಗೆ, ಈಗ ವರದಿ ಮಾಡುವವನೂ ನಾನೇ, ಹಾಗಾಗಿ ಅದು ‘ನಮ್ಮ’ ಆಗಬೇಕು. ‘ನಾಳೆ’ ಕೂಡ ಕಣ್ಣು ಮುಚ್ಚಿ ‘ಮರುದಿನ’ ಆಗಬೇಕಿಲ್ಲ. ಅವಳು ಹೇಳಿದ ದಿನವೇ ನಾನು ತಿಳಿಸುತ್ತಿದ್ದರೆ ‘ನಾಳೆ’ಯೇ ಸರಿ.

ಹಾಗಾದರೆ ಉತ್ತರ: ‘ತನಗೆ ಜ್ವರ ಇದೆಯೆಂದೂ ಮರುದಿನ ನಮ್ಮ ಮನೆಗೆ ಬರಲಾರೆನೆಂದೂ ಸೀತೆ ನನಗೆ ಹೇಳಿದಳು.’ ‘ಬರಲಾರೆ’ ಉತ್ತಮ ಪುರುಷದಲ್ಲೇ ಉಳಿದದ್ದನ್ನು ಗಮನಿಸಿ. ಕೆಲವು ಮೇಷ್ಟ್ರುಗಳು ‘ತಾನು ಬರುತ್ತೇನೆಂದು ಹೇಳಿದಳು’ ಎಂಬುದಕ್ಕೆ ಅಂಕ ಕಳೆಯುತ್ತಾರೆ. ನಾನು ಕಳೆಯುವುದಿಲ್ಲ. ಮನೆಯಲ್ಲಿ, ಬಸ್ಸಿನಲ್ಲಿ ಜನ ಆಡುವುದೇ ಹಾಗೆ. ‘ತಾನು ಬರುತ್ತಾಳೆಂದು ಹೇಳಿದಳು’ ಎಂಬುದೇ ನನ್ನ ಕಿವಿಗೆ ಚುಚ್ಚುತ್ತದೆ. ಈ ಜಗಳವೇ ಬೇಡ ಎನ್ನುವವರಿಗೆ ‘ತಾನು ಬರುವುದಾಗಿ ಹೇಳಿದಳು’ ಎಂಬ ದಾರಿಯಿದೆ. ‘ಬರುವುದಾಗಿ’ಗೆ ಪುರುಷವೂ ಇಲ್ಲ, ಲಿಂಗವೂ ಇಲ್ಲ. ಪತ್ರಿಕೆಗಳ ವರದಿಗೆ ಅದು ಒಗ್ಗಿರುವುದು ಅದಕ್ಕೇ. ಆಜ್ಞೆಯಾದರೆ ‘ಬಾ ಎಂದಳು’ ಎಂಬುದು ‘ಬರುವಂತೆ ಹೇಳಿದಳು’ ಆಗುತ್ತದೆ. ಅಲ್ಲಿ ‘ಎಂದು’ವೇ ಬೇಕಿಲ್ಲ.

‘ಎಂದು’ ಇದ್ದರೆ ನೇರ ಮಾತೂ ನಡೆಯುತ್ತದೆ, ಪರಿವರ್ತನೆಯೇ ಯಾಕೆ ಎಂದು ಕೇಳಬಹುದು. ಕಾರಣವಿದೆ. ನಾನೊಮ್ಮೆ ಸಭೆಯೊಂದರ ಟಿಪ್ಪಣಿಯಲ್ಲಿ ‘ನಾನು ಲೆಕ್ಕ ತಪ್ಪಿದ್ದೇನೆ ಎಂದು ಖಜಾಂಚಿ ಹೇಳಿದರು’ ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದೆ. ತಪ್ಪು ಖಜಾಂಚಿಯದು, ಅದನ್ನು ಅವರೇ ಒಪ್ಪಿಕೊಂಡಿದ್ದರು. ಓದಿದವರು ತಪ್ಪು ನನ್ನದೆಂದುಕೊಂಡರು, ವಾರಗಟ್ಟಲೆ ಸಮಜಾಯಿಷಿ ಕೊಡಬೇಕಾಯಿತು. ‘ತಾವು ಲೆಕ್ಕ ತಪ್ಪಿದ್ದಾಗಿ ಖಜಾಂಚಿ ಹೇಳಿದರು’ ಎಂದಿದ್ದರೆ ಮುಗಿಯುತ್ತಿತ್ತು.

‘ತಾನು’ವಿಗೂ ಮಿತಿಯಿದೆ. ‘ತಾನು ಸೋತೆನೆಂದು ರಾಮ ಹೇಳಿದನೆಂದು ಭೀಮ ತಿಳಿಸಿದ’ ಎಂದರೆ ಸೋತವನು ಯಾರು? ಹೇಳಿದವರು ಇಬ್ಬರಾದಾಗ ‘ತಾನು’ ಇಬ್ಬರ ಕಡೆಗೂ ಕೈ ತೋರಬಲ್ಲದು. ಅಂಥ ಕಡೆ ಜಾಣತನ ಬಿಟ್ಟು, ರಾಮನ ಮಾತನ್ನು ಉದ್ಧರಣ ಚಿಹ್ನೆಯೊಳಗೆ ನೇರವಾಗಿಯೇ ಕೊಡುವುದು ಲೇಸು.

ಪರೀಕ್ಷಕರಲ್ಲಿ ನನ್ನ ಬೇಡಿಕೆ ಇಷ್ಟೇ. ‘ಇದೆ’ಯನ್ನು ‘ಇತ್ತು’ ಮಾಡದ, ‘ನಾನು’ವನ್ನು ‘ಅವಳು’ ಮಾಡದ ಹುಡುಗಿಗೆ ಅಂಕ ಕಳೆಯುವ ಮೊದಲು, ಅವಳ ವಾಕ್ಯದಲ್ಲಿ ಜ್ವರ ಯಾರಿಗಿದೆ ಎಂದು ಒಮ್ಮೆ ನೋಡಿ.