ಆರು ಅಂಕಿ ಕೇಳಿದವರಿಗೆ ಕೊಡಬೇಡಿ: ಹಿಟ್ನಾಳ ಸೀಮೆಯವರಲ್ಲಿ ಒಂದು ಮನವಿ

ಹಿಟ್ನಾಳ, ಹುಲಗಿ, ಮುನಿರಾಬಾದ್, ಗಿಣಿಗೇರಾ ಕಡೆಯ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ,

ನಮ್ಮಲ್ಲಿ ಈಗ ಸಂಘದ ಕಂತಿನ ಲೆಕ್ಕ, ಕಾಲುವೆಗೆ ನೀರು ಬಿಡುವ ಸುದ್ದಿ, ಲಾರಿ ಲೋಡಿನ ಮಾತುಕತೆ, ಮದುವೆ ಕರೆಯೋಲೆ ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲೇ ನಡೆಯುತ್ತವೆ. ಒಬ್ಬರ ವಾಟ್ಸ್‌ಆ್ಯಪ್ ಕಳ್ಳನ ಕೈಗೆ ಹೋದರೆ ಅವರನ್ನು ನಂಬಿದ ಇಡೀ ಬಳಗ ಅವನ ಕೈಗೆ ಸಿಕ್ಕಂತೆ. ಇಂಥ ಕಳ್ಳ ಹೆಚ್ಚಿನ ಸಲ ಸಹಾಯ ಮಾಡುವವನ ವೇಷದಲ್ಲೇ ಬರುತ್ತಾನೆ. "ವಾಟ್ಸ್‌ಆ್ಯಪ್ ಸಪೋರ್ಟ್‌ನಿಂದ ಮಾತಾಡ್ತಿದೀನಿ, ನಿಮ್ಮ ಅಕೌಂಟ್ ಬಂದ್ ಆಗ್ತಾ ಇದೆ, ವಾಪಸ್ ಚಾಲೂ ಮಾಡಿಕೊಡ್ತೀನಿ" ಅನ್ನುತ್ತಾನೆ. ಆ ಕರೆಯ ಹಿಂದೆ ಏನು ನಡೆದಿರುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸ್ತ್ರೀಶಕ್ತಿ ಸಂಘವೊಂದರ ಪ್ರತಿನಿಧಿ ಅಕ್ಕನಿಗೆ ಇಂಥ ಕರೆ ಬಂತು ಅಂದುಕೊಳ್ಳೋಣ. ಮಧ್ಯಾಹ್ನದ ಹೊತ್ತು, ಕೈಯಲ್ಲಿ ಕೆಲಸವಿದೆ. ಹೊಸ ನಂಬರಿನಿಂದ ಕರೆ. ಅದರ ಪ್ರೊಫೈಲ್ ಫೋಟೋದಲ್ಲಿ ವಾಟ್ಸ್‌ಆ್ಯಪ್‌ನ ಹಸಿರು ಗುರುತು. ಕರೆ ಮಾಡಿದವನು ನಯವಾಗಿ ಮಾತಾಡುತ್ತಾನೆ, ಅಕ್ಕನ ಹೆಸರನ್ನೂ ಹೇಳುತ್ತಾನೆ. "ಮೇಡಂ, ನಿಮ್ಮ ನಂಬರ್ ಮೇಲೆ ಕಂಪ್ಲೇಂಟ್ ಬಂದಿದೆ. ಇವತ್ತೇ ವೆರಿಫೈ ಮಾಡದಿದ್ರೆ ಅಕೌಂಟ್ ಹೋಗುತ್ತೆ. ಈಗ ಒಂದು ಮೆಸೇಜ್ ಬರುತ್ತೆ, ಅದರಲ್ಲಿರೋ ಆರು ನಂಬರ್ ಮಾತ್ರ ಹೇಳಿ ಸಾಕು."

ಅವನು ಹೇಳಿದಂತೆಯೇ ಮೆಸೇಜ್ ಬರುತ್ತದೆ. ಅಕ್ಕನಿಗೆ ಅವನ ಮೇಲೆ ನಂಬಿಕೆ ಹುಟ್ಟುವುದು ಈ ಗಳಿಗೆಯಲ್ಲೇ. ಹೇಳಿದ್ದು ಹೇಳಿದ ಹಾಗೆ ಬಂತಲ್ಲ, ಕಂಪನಿಯವನೇ ಇರಬೇಕು ಅಂತ. ಆ ಮೆಸೇಜ್ ಕಳಿಸಿದ್ದು ನಿಜವಾಗಿಯೂ ವಾಟ್ಸ್‌ಆ್ಯಪ್ಪೇ, ಅದರಲ್ಲಿ ಸುಳ್ಳಿಲ್ಲ. ಆದರೆ ಅದು ಬರಲು ಕಾರಣ ಆ ಕಳ್ಳ. ಅವನು ತನ್ನ ಫೋನಿನಲ್ಲಿ ವಾಟ್ಸ್‌ಆ್ಯಪ್ ಹಾಕಿಕೊಂಡು, ನಂಬರ್ ಕೇಳಿದ ಕಡೆ ಅಕ್ಕನ ನಂಬರ್ ಕೊಟ್ಟಿದ್ದಾನೆ. ಈ ನಂಬರ್ ನಿನ್ನದೇ ಹೌದೋ ಎಂದು ನೋಡಲು ಕಂಪನಿ ಆ ನಂಬರಿಗೆ ಆರು ಅಂಕಿಯ ಕೋಡ್ ಕಳಿಸಿದೆ. ಅಕ್ಕ ಅದನ್ನು ಓದಿ ಹೇಳಿದ ಮರುಕ್ಷಣ ಅವಳ ವಾಟ್ಸ್‌ಆ್ಯಪ್ ಅವನ ಫೋನಿನಲ್ಲಿ ತೆರೆದುಕೊಳ್ಳುತ್ತದೆ, ಇವಳ ಫೋನಿನಲ್ಲಿ ಮುಚ್ಚಿಹೋಗುತ್ತದೆ.

ಈ ಕೋಡನ್ನು ಯಾರಿಗೂ ಕೊಡಬೇಡಿ ಎಂಬ ಮಾತು ಆ ಮೆಸೇಜಿನಲ್ಲೇ ಇರುತ್ತದೆ. ಆದರೆ ಅದು ಬಹಳ ಸಲ ಇಂಗ್ಲಿಷ್‌ನಲ್ಲಿರುತ್ತದೆ. ನಮ್ಮ ಹಿರಿಯರು ಅದರಲ್ಲಿ ಅಂಕಿಗಳನ್ನಷ್ಟೇ ಓದಿಕೊಳ್ಳುತ್ತಾರೆ. "ಆರು ನಂಬರ್ ಮಾತ್ರ ಹೇಳಿ" ಅಂತ ಅವನು ಅವಸರ ಮಾಡುವುದೂ ಅದಕ್ಕೇ. ಆದ್ದರಿಂದ ಮನೆಯಲ್ಲಿ ಇದೊಂದನ್ನು ಎಲ್ಲರಿಗೂ ತಿಳಿಸಿ: ನಾವಾಗಿ ಏನೂ ಕೇಳದೆ ಆರು ಅಂಕಿಯ ಕೋಡ್ ಬಂದರೆ, ಬೇರೆ ಯಾರೋ ನಮ್ಮ ಖಾತೆಯನ್ನು ತೆಗೆಯಲು ನೋಡುತ್ತಿರಬಹುದು ಅಂತ ಅರ್ಥ. ಹೇಳದೆ ಬಿಟ್ಟರೆ ಏನೂ ಆಗುವುದಿಲ್ಲ, ಖಾತೆಯೂ ಹೋಗುವುದಿಲ್ಲ.

ಅಕ್ಕ ಜಾಣೆ, ನಂಬರ್ ಹೇಳಲಿಲ್ಲ ಅನ್ನೋಣ. ಆಗ ಅವನು ದಾರಿ ಬದಲಿಸುತ್ತಾನೆ. "ಆಯ್ತು ಮೇಡಂ, ಕೋಡ್ ಹೇಳೋದು ಬೇಡ. ನಾನು ಹೇಳೋ ನಂಬರಿಗೆ ಒಂದು ಕಾಲ್ ಮಾಡಿ, ಎಲ್ಲ ಸರಿಹೋಗುತ್ತೆ." ಅವನು ಬರೆಸುವುದು ಸ್ಟಾರಿನಿಂದ ಶುರುವಾಗಿ ಹ್ಯಾಶಿನಲ್ಲಿ ಮುಗಿಯುತ್ತದೆ, ಹೆಚ್ಚಾಗಿ ಈ ತರಹ:

```
*21*ಹತ್ತು ಅಂಕಿಯ ಮೊಬೈಲ್ ನಂಬರ್#
```

ಇದು ಕಾಲ್ ಫಾರ್ವರ್ಡಿಂಗ್ ಆದೇಶ. ನಡುವೆ ಇರುವ ಹತ್ತು ಅಂಕಿ ಕಳ್ಳನ ಮೊಬೈಲ್ ನಂಬರು. ಇದನ್ನು ಒತ್ತಿದ ಮೇಲೆ ನಿಮಗೆ ಬರಬೇಕಾದ ಕರೆಗಳೆಲ್ಲ ಅವನಿಗೆ ಹೋಗುತ್ತವೆ, ನಿಮ್ಮ ಫೋನ್ ರಿಂಗ್ ಆಗುವುದೇ ಇಲ್ಲ. ಅವನಿಗೆ ಇದರಿಂದ ಏನು ಲಾಭ? ವಾಟ್ಸ್‌ಆ್ಯಪ್ ಕೋಡನ್ನು ಮೆಸೇಜಿನಲ್ಲಿ ಮಾತ್ರವಲ್ಲ, ಕರೆ ಮಾಡಿಯೂ ಹೇಳುತ್ತದೆ. ಮೆಸೇಜ್ ಸಿಗಲಿಲ್ಲ, ಕರೆ ಮಾಡಿ ತಿಳಿಸಿ ಅಂತ ಅವನು ತನ್ನ ಫೋನಿನಲ್ಲಿ ಒತ್ತುತ್ತಾನೆ. ಕಂಪನಿಯ ಕರೆ ಅಕ್ಕನ ನಂಬರಿಗೇ ಬರುತ್ತದೆ, ಅಲ್ಲಿಂದ ತಿರುಗಿ ಅವನ ಕಿವಿಗೆ ಬೀಳುತ್ತದೆ. ಕೋಡ್ ಹೇಳದೆ ಗೆದ್ದೆ ಅಂದುಕೊಂಡ ಅಕ್ಕ ಹೀಗೆ ಸೋಲುತ್ತಾಳೆ.

ಹಳ್ಳಿಯವರು, ಓದಿಲ್ಲದವರು ಮಾತ್ರ ಇದಕ್ಕೆ ಸಿಕ್ಕಿಬೀಳುತ್ತಾರೆ ಎಂದು ಯಾರೂ ತಿಳಿಯಬಾರದು. 2025ರ ಸೆಪ್ಟೆಂಬರ್ 15ರಂದು ನಟಿ ಪ್ರಿಯಾಂಕಾ ಉಪೇಂದ್ರ ಅವರಿಗೆ ಆಗಿದ್ದೂ ಇದೇ. ಅವರು ಆನ್‌ಲೈನ್‌ನಲ್ಲಿ ಸಾಮಾನು ತರಿಸಿಕೊಳ್ಳಲು ಕೊಟ್ಟಿದ್ದರು. ಡೆಲಿವರಿಯ ನೆಪದಲ್ಲಿ ಬಂದ ಕರೆ ಸ್ಟಾರ್, ಹ್ಯಾಶ್ ಇದ್ದ ನಂಬರನ್ನು ಒತ್ತಿಸಿತು. ಅವರ ವಾಟ್ಸ್‌ಆ್ಯಪ್ ಹೋಯಿತು, ಹಿಂದೆಯೇ ಉಪೇಂದ್ರ ಅವರ ಫೋನೂ ಕೈತಪ್ಪಿತು. ಪರಿಚಯದವರಿಗೆಲ್ಲ ತುರ್ತಾಗಿ 55,000 ರೂಪಾಯಿ ಬೇಕು ಎಂಬ ಮೆಸೇಜ್ ಹೋಯಿತು, ಕೆಲವರು ಹಣ ಹಾಕಿಯೂ ಬಿಟ್ಟರು. ಇಬ್ಬರೂ ಮುಚ್ಚಿಡದೆ ವಿಡಿಯೋ ಮಾಡಿ ಜನರಿಗೆ ತಿಳಿಸಿದರು, ಪೊಲೀಸರಿಗೆ ದೂರು ಕೊಟ್ಟರು. ಅವರು ಹಾಗೆ ಹೇಳಿಕೊಂಡದ್ದು ದೊಡ್ಡ ಉಪಕಾರ ಎಂದೇ ನಾನು ತಿಳಿಯುತ್ತೇನೆ. ಅಲ್ಲಿ ಡೆಲಿವರಿಯ ಹೆಸರು, ಇಲ್ಲಿ ಸಪೋರ್ಟ್ ಹೆಸರು, ಒತ್ತಿಸುವುದು ಮಾತ್ರ ಅದನ್ನೇ.

ಸರ್ಕಾರ ಇದನ್ನು ನೋಡಿಲ್ಲ ಅಂತಲ್ಲ. ಹೀಗೆ ನಂಬರ್ ಒತ್ತಿ ಕಾಲ್ ಫಾರ್ವರ್ಡ್ ಮಾಡುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಿ ಎಂದು ಕೇಂದ್ರ ದೂರಸಂಪರ್ಕ ಇಲಾಖೆ ಮೊಬೈಲ್ ಕಂಪನಿಗಳಿಗೆ ಹೇಳಿತ್ತು. ಪ್ರಿಯಾಂಕಾ ಅವರ ಪ್ರಕರಣ ನಡೆದದ್ದು ಅದಾದ ಮರುವರ್ಷ. ಹಾಗಾಗಿ ಆದೇಶವಿದೆ, ಕಂಪನಿ ನೋಡಿಕೊಳ್ಳುತ್ತದೆ ಎಂದು ನಾವು ಸುಮ್ಮನಿರುವಂತಿಲ್ಲ. ಅನುಮಾನ ಬಂದರೆ ನೀವೇ ನೋಡಿಕೊಳ್ಳಬಹುದು. `*#21#` ಒತ್ತಿದರೆ ಕರೆಗಳು ಬೇರೆ ಕಡೆ ಹೋಗುತ್ತಿವೆಯೇ ಎಂಬುದು ಪರದೆಯ ಮೇಲೆ ಬರುತ್ತದೆ. `##002#` ಒತ್ತಿದರೆ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ನಿಮ್ಮ ಸಿಮ್‌ನಲ್ಲಿ ಇವು ನಡೆಯದಿದ್ದರೆ ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ತೆರೆದು ಬಂದ್ ಮಾಡಿ. ಬೆಳಿಗ್ಗೆಯಿಂದ ಒಂದೂ ಕರೆ ಬಂದಿಲ್ಲ, ಮಾಡಿದವರು ಮಾತ್ರ "ರಿಂಗ್ ಆಯ್ತು, ಯಾರೋ ಎತ್ತಿದ್ರು" ಅನ್ನುತ್ತಾರೆ ಎಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಇಲ್ಲಿ ಇನ್ನೊಂದು ತೊಡಕಿದೆ. ದುಡ್ಡು ಕೇಳಿ ಮೆಸೇಜ್ ಬಂದರೆ ಫೋನ್ ಮಾಡಿ ವಿಚಾರಿಸಿ ಎಂದು ನಾವೆಲ್ಲ ಹೇಳುತ್ತೇವೆ. ಕರೆಗಳು ಕಳ್ಳನ ಕಡೆ ತಿರುಗಿದ್ದರೆ ಆ ವಿಚಾರಣೆಯೂ ಅವನಿಗೇ ಮುಟ್ಟುತ್ತದೆ. ಅವನು ಎತ್ತುವುದಿಲ್ಲ, ಅಥವಾ "ಆಸ್ಪತ್ರೆಯಲ್ಲಿದೀನಿ, ಮಾತಾಡಕ್ಕಾಗಲ್ಲ" ಎಂದು ಮೆಸೇಜ್ ಹಾಕುತ್ತಾನೆ. ಆದ್ದರಿಂದ ಅದೇ ನಂಬರಿಗೆ ಮಾಡಬೇಡಿ. ಅವರ ಮನೆಯ ಇನ್ನೊಬ್ಬರಿಗೆ, ಪಕ್ಕದ ಮನೆಯವರಿಗೆ ಫೋನ್ ಮಾಡಿ. ಅದೇ ಊರಿನವರಾದರೆ ಎರಡು ಓಣಿ ನಡೆದು ಹೋಗಿ ಕೇಳಿ.

ಖಾತೆ ಹೋಗಿಯೇಬಿಟ್ಟಿದ್ದರೆ ಅದನ್ನು ಮರಳಿ ಪಡೆಯಲು ಯಾವ ಸಪೋರ್ಟಿನವನೂ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಸಿಮ್ ನಿಮ್ಮ ಹತ್ತಿರವೇ ಇದೆ. ಮೊದಲು ಫಾರ್ವರ್ಡಿಂಗ್ ರದ್ದು ಮಾಡಿ. ಆಮೇಲೆ ನಿಮ್ಮ ಫೋನಿನಲ್ಲಿ ವಾಟ್ಸ್‌ಆ್ಯಪ್ ತೆರೆದು ನಿಮ್ಮ ನಂಬರ್ ಕೊಡಿ, ಬಂದ ಆರು ಅಂಕಿಯನ್ನು ನೀವೇ ಹಾಕಿ. ಆ ಕ್ಷಣವೇ ಕಳ್ಳನ ಫೋನಿನಲ್ಲಿ ಖಾತೆ ಮುಚ್ಚಿಕೊಳ್ಳುತ್ತದೆ. ಅವನು ಅಷ್ಟರಲ್ಲಿ ತನ್ನದೊಂದು ಪಿನ್ ಹಾಕಿಟ್ಟಿದ್ದರೆ ನಿಮಗೆ ಒಳಗೆ ಹೋಗಲು 7 ದಿನ ಕಾಯಬೇಕಾಗುತ್ತದೆ, ಆದರೆ ಅವನು ಆಗಲೇ ಹೊರಗೆ ಬಿದ್ದಿರುತ್ತಾನೆ. ಮೇಲಿಂದ ಮೇಲೆ ಕೋಡ್ ಕೇಳಿದ್ದರೆ ವಾಟ್ಸ್‌ಆ್ಯಪ್ ಕೆಲವು ಗಂಟೆ ಹೊಸ ಕೋಡ್ ಕೊಡುವುದಿಲ್ಲ. ನಿಮ್ಮನ್ನು ಹೊರಗಿಡಲು ಕಳ್ಳರು ಬೇಕೆಂದೇ ಹಾಗೆ ಮಾಡುವುದುಂಟು.

ಈ ಕಾಯುವ ಹೊತ್ತಿನಲ್ಲೇ ಎರಡನೆಯ ಮೋಸಕ್ಕೆ ದಾರಿಯಾಗುತ್ತದೆ. "ಏಳು ದಿನ ಯಾಕೆ ಕಾಯ್ತೀರಿ, ಇಷ್ಟು ಹಣ ಕೊಡಿ, ಈಗಲೇ ರಿಕವರಿ ಮಾಡಿಸ್ತೀನಿ" ಅಂತ ಇನ್ನೊಬ್ಬ ಬರುತ್ತಾನೆ. ಇಲ್ಲವೇ ಗಾಬರಿಯಲ್ಲಿ ನಾವೇ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಅವನಂಥವನಿಗೇ ಫೋನ್ ಮಾಡುತ್ತೇವೆ. ಆ 7 ದಿನವನ್ನು ಯಾರೂ ಕಡಿಮೆ ಮಾಡಿಕೊಡಲಾರರು. ವಾಟ್ಸ್‌ಆ್ಯಪ್‌ನ ನಿಜವಾದ ಸಹಾಯ ಆ್ಯಪ್‌ನ ಒಳಗಿನ ಹೆಲ್ಪ್‌ನಲ್ಲಿ ಸಿಗುತ್ತದೆ. ಅವರ ಚಾಟಿನಲ್ಲಿ ಹೆಸರಿನ ಪಕ್ಕ ನೀಲಿ ಟಿಕ್ ಇರುತ್ತದೆ, ಅಲ್ಲಿಯೂ ಯಾರೂ ಆರು ಅಂಕಿಯ ಕೋಡ್ ಕೇಳುವುದಿಲ್ಲ. ಟಿಕ್ಕನ್ನು ಪ್ರೊಫೈಲ್ ಫೋಟೋದ ಒಳಗೇ ಬರೆದುಕೊಂಡಿದ್ದರೆ ಅದು ನಕಲಿ.

ಇದೆಲ್ಲ ಬರುವ ಮೊದಲೇ ಮಾಡಿಡಬೇಕಾದ ಕೆಲಸ ಒಂದೇ. ವಾಟ್ಸ್‌ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಅಕೌಂಟ್, ಅದರೊಳಗೆ ಟೂ ಸ್ಟೆಪ್ ವೆರಿಫಿಕೇಶನ್. ಅಲ್ಲಿ ನಿಮ್ಮದೇ ಆರು ಅಂಕಿಯ ಪಿನ್ ಹಾಕಿ, ಇಮೇಲ್ ಇದ್ದರೆ ಅದನ್ನೂ ಕೊಡಿ. ಆಮೇಲೆ ಕಳ್ಳನಿಗೆ ಕೋಡ್ ಸಿಕ್ಕರೂ ಅಷ್ಟರಿಂದಲೇ ನಿಮ್ಮ ಖಾತೆಯಲ್ಲಿ ಕೂರಲಾಗುವುದಿಲ್ಲ, ನಿಮ್ಮ ಪಿನ್ನೂ ಬೇಕಾಗುತ್ತದೆ. ಆಗ ಅವನು ಪಿನ್ನನ್ನೇ ಕೇಳಬಹುದು, ಅದನ್ನೂ ಕೊಡಬೇಡಿ. ನೀವು ಕೇಳದೆಯೇ ಪಿನ್ ತೆಗೆದುಹಾಕುವ ಲಿಂಕ್ ಇಮೇಲಿಗೆ ಬಂದರೆ ಒತ್ತಬೇಡಿ. ಪಿನ್ನಿಗೆ ಹುಟ್ಟಿದ ದಿನ ಬೇಡ, ಫೋನಿನ ಕೊನೆಯ ಆರು ಅಂಕಿಯಂತೂ ಬೇಡವೇ ಬೇಡ.

ಬೆಂಗಳೂರಲ್ಲಿ, ಹೊರದೇಶದಲ್ಲಿ ದುಡಿಯುತ್ತಿರುವ ನಮ್ಮೂರ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಮನೆಗೆ ಬಂದಾಗ ಅಪ್ಪ ಅವ್ವನ ಫೋನಿಗೆ ಈ ಪಿನ್ ಹಾಕಿಕೊಡಿ, ಅದನ್ನು ಅವರ ಹತ್ತಿರವೇ ಬರೆಸಿಡಿ. ಕ್ರಾಸಿನಲ್ಲಿ ಮೊಬೈಲ್ ಅಂಗಡಿ ಇಟ್ಟ ತಮ್ಮಂದಿರೇ, ರೀಚಾರ್ಜ್‌ಗೆ ಬಂದ ಹಿರಿಯರಿಗೆ ಎರಡು ನಿಮಿಷ ಕೊಡಿ. ಗ್ರೂಪ್ ನಡೆಸುವವರೇ, ಸದಸ್ಯರೊಬ್ಬರ ಖಾತೆ ಹೋಗಿದೆ ಎಂದು ತಿಳಿದ ಕೂಡಲೇ ಆ ನಂಬರನ್ನು ಗ್ರೂಪಿನಿಂದ ತೆಗೆದು ಎಲ್ಲರಿಗೂ ಬಾಯಲ್ಲೇ ತಿಳಿಸಿ. ಅವರು ವಾಪಸ್ ಬಂದ ಮೇಲೆ ಮತ್ತೆ ಸೇರಿಸಬಹುದು.

ಹಣ ಹೋಗಿದ್ದರೆ ನಾಳೆಗೆ ಬಿಡಬೇಡಿ, ನಾಚಿಕೊಳ್ಳಲೂಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಅಥವಾ cybercrime.gov.in ನಲ್ಲಿ ದೂರು ದಾಖಲಿಸಿ. ಹಣ ಕಳ್ಳನ ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ಬ್ಯಾಂಕಿಗೆ ಸುದ್ದಿ ಮುಟ್ಟಿದರೆ ಅದನ್ನು ತಡೆಹಿಡಿಯಲು ಸಾಧ್ಯ. ಯಾವ ಖಾತೆಗೆ, ಎಷ್ಟು ಹೊತ್ತಿಗೆ, ಎಷ್ಟು ಹೋಯಿತು ಎಂಬುದನ್ನೂ ಯುಪಿಐ ವ್ಯವಹಾರದ ನಂಬರನ್ನೂ ಕೈಯಲ್ಲಿ ಇಟ್ಟುಕೊಂಡೇ ಫೋನ್ ಮಾಡಿ. ಹಣ ಹೋಗದೆ ಬರೀ ಕರೆಯಷ್ಟೇ ಬಂದಿದ್ದರೂ ಸಂಚಾರ್ ಸಾಥಿಯ ಚಕ್ಷು ವಿಭಾಗದಲ್ಲಿ ಆ ನಂಬರನ್ನು ತಿಳಿಸಿ. ನಿಮ್ಮನ್ನು ಬಿಟ್ಟವನು ಅದೇ ನಂಬರಿನಿಂದ ಪಕ್ಕದ ಮನೆಗೆ ಫೋನ್ ಮಾಡುತ್ತಾನೆ.